ಹುಬ್ಬುಗಳ ನಡುವಿನ ಗೆರೆ

ಮರೆತ ಹೆಸರೊಂದನ್ನು ನೆನಪಿಗೆ ತಂದುಕೊಳ್ಳುವಾಗ ನಮ್ಮ ಹುಬ್ಬುಗಳು ತಾವಾಗಿಯೇ ಹತ್ತಿರವಾಗುತ್ತವೆ. ಸೂಜಿಗೆ ದಾರ ಪೋಣಿಸುವಾಗಲೂ ಹಾಗೆಯೇ. ದೂರದ ಬಸ್ಸಿನ ಬೋರ್ಡು ಓದುವಾಗ, ಎಳೆಬಿಸಿಲಿಗೆ ಮುಖವೊಡ್ಡಿದಾಗ, ಕೂಡಿದ ಲೆಕ್ಕ ತಾಳೆಯಾಗದಿದ್ದಾಗ ಮೂಗಿನ ಮೇಲ್ಗಡೆ ಒಂದೆರಡು ಗೆರೆಗಳು ಮೂಡುತ್ತವೆ, ಕೆಲಸ ಮುಗಿದೊಡನೆ ಅಳಿದುಹೋಗುತ್ತವೆ. ಅವು ಮೂಡಿದ್ದು ನಮಗೆ ತಿಳಿಯುವುದೇ ಇಲ್ಲ. ಎದುರಿಗಿದ್ದವರಿಗೆ ತಿಳಿಯುತ್ತದೆ. ಅವರು ಆ ಗೆರೆಗೆ ಒಂದು ಹೆಸರು ಕೊಡುತ್ತಾರೆ. ಬಹಳ ಸಲ ಆ ಹೆಸರು ಕೋಪ.

ನಾವೆಲ್ಲರೂ ಹೀಗೆ ಹೆಸರು ಕೊಡುವವರೇ. ಮನೆಯಲ್ಲಿ, ಕಚೇರಿಯಲ್ಲಿ, ಸಾಲಿನಲ್ಲಿ ನಿಂತಾಗ ಮುಖ ನೋಡಿ ಮನಸ್ಸನ್ನು ಊಹಿಸದೆ ನಮಗೆ ಬದುಕು ಸಾಗದು. ಆದರೆ ಹುಬ್ಬಿನ ಒಳತುದಿಯಲ್ಲಿರುವ ಆ ಪುಟ್ಟ ಸ್ನಾಯು ಕೋಪಕ್ಕೂ ಅದೇ, ಏಕಾಗ್ರತೆಗೂ ಅದೇ. ಭಾವಕ್ಕೊಂದರಂತೆ ಪ್ರಕೃತಿ ಸ್ನಾಯುಗಳನ್ನು ಹಂಚಿಕೊಟ್ಟಿಲ್ಲ. 1978ರಲ್ಲಿ ಪಾಲ್ ಎಕ್‌ಮನ್ ಮತ್ತು ವಾಲೇಸ್ ಫ್ರೀಸೆನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಮುಖದ ಚಲನೆಗಳಿಗೆಲ್ಲ ಸಂಖ್ಯೆ ಕೊಟ್ಟು ಒಂದು ಪದ್ಧತಿಯನ್ನು ರೂಪಿಸಿದರು. ಹುಬ್ಬು ಕೆಳಗಿಳಿದು ಕೂಡಿದರೆ ಅದು ನಾಲ್ಕನೆಯ ಚಲನೆ. ತುಟಿಯ ಅಂಚುಗಳು ಮೇಲೆದ್ದರೆ ಹನ್ನೆರಡನೆಯದು. ಈ ಪಟ್ಟಿ ಎಣಿಸುವುದು ಚಲನೆಯನ್ನು ಮಾತ್ರ. ನಾಲ್ಕು ಎಂದರೆ ಹುಬ್ಬು ಇಳಿಯಿತು ಎಂದಷ್ಟೇ ಅರ್ಥ. ಚಲನೆಯಿಂದ ಭಾವಕ್ಕೆ ಹೋಗಲು ಇನ್ನೊಂದು ಹೆಜ್ಜೆ ಬೇಕು. ಆ ಹೆಜ್ಜೆಯ ಕೆಳಗೆ ನೆಲವಿದೆಯೇ ಎಂಬುದು ಈಗ ಸಾವಿರಾರು ಯುವಜನರ ಅನ್ನದ ಪ್ರಶ್ನೆಯಾಗಿದೆ. ಏಕೆಂದರೆ ಕೆಲಸದ ಸಂದರ್ಶನವೂ ಈಗ ವಿಡಿಯೊ ಆಗಿದೆ.

ಇಂಥ ಸಂದರ್ಶನದಲ್ಲಿ ಎದುರಿಗೆ ಯಾರೂ ಇರುವುದಿಲ್ಲ. ಪರದೆಯ ಮೇಲೆ ಪ್ರಶ್ನೆ ಕಾಣಿಸುತ್ತದೆ. ಯೋಚಿಸಲು ತುಸು ಸಮಯ, ಉತ್ತರಿಸಲು ಒಂದೆರಡು ನಿಮಿಷ. ಅಷ್ಟರಲ್ಲಿ ಹೇಳಿದ್ದು ದಾಖಲಾಗಿ ಕಂಪನಿಗೆ ಹೋಗುತ್ತದೆ. ಕೆಲವೆಡೆ ಅದನ್ನು ಮನುಷ್ಯರು ನೋಡುತ್ತಾರೆ. ಕೆಲವೆಡೆ ತಂತ್ರಾಂಶವೊಂದು ಮೊದಲು ನೋಡಿ, ಅಭ್ಯರ್ಥಿಯ ಉತ್ಸಾಹ ಇಷ್ಟು, ಆತಂಕ ಇಷ್ಟು, ಆತ್ಮವಿಶ್ವಾಸ ಇಷ್ಟು ಎಂದು ಅಂಕ ಕೊಡುತ್ತದೆ. ಅದು ನೋಡುವ ಬಗೆ ಹೀಗಿದೆ. ವಿಡಿಯೊ ಎಂದರೆ ಸೆಕೆಂಡಿಗೆ ಸುಮಾರು ಮೂವತ್ತು ಸ್ಥಿರಚಿತ್ರಗಳು. ಪ್ರತಿ ಚಿತ್ರದಲ್ಲಿಯೂ ತಂತ್ರಾಂಶ ಮುಖವನ್ನು ಗುರುತಿಸಿ ಬೇರ್ಪಡಿಸುತ್ತದೆ. ಕಣ್ಣು, ಹುಬ್ಬು, ತುಟಿಗಳ ಸ್ಥಾನವನ್ನು ಅಳೆಯುತ್ತದೆ. ತಾನು ಹಿಂದೆ ಕಲಿತ ಚಿತ್ರಗಳೊಡನೆ ಹೋಲಿಸಿ, ಕೋಪ, ಸಂತೋಷ, ಭಯ ಮೊದಲಾದ ಪಟ್ಟಿಗಳಿಗೆ ಒಂದೊಂದು ಪಾಲು ಹಂಚುತ್ತದೆ. ಕೊನೆಗೆ ಎಲ್ಲ ಚಿತ್ರಗಳ ಸರಾಸರಿ ತೆಗೆಯುತ್ತದೆ.

ಕಲಿತ ಚಿತ್ರಗಳು ಯಾವುವು ಎಂದು ಕೇಳಬೇಕು. ಈ ಕ್ಷೇತ್ರದಲ್ಲಿ ಬಹಳ ಬಳಕೆಯಾದ ಸಂಗ್ರಹಗಳಲ್ಲಿ 2013ರ ಒಂದು ಸಂಗ್ರಹವಿದೆ. ಅದರಲ್ಲಿ 35,887 ಮುಖಚಿತ್ರಗಳಿವೆ. ಪ್ರತಿಯೊಂದೂ ಅಡ್ಡ 48, ಉದ್ದ 48 ಚುಕ್ಕೆಗಳ ಕಪ್ಪುಬಿಳುಪು ಚಿತ್ರ. ಭಾವವಾಚಕ ಪದಗಳನ್ನು ಕೊಟ್ಟು ಅಂತರ್ಜಾಲದಲ್ಲಿ ಹುಡುಕಿ, ಸಿಕ್ಕಿದ್ದನ್ನು ಏಳು ಗುಂಪುಗಳಾಗಿ ವಿಂಗಡಿಸಿದ್ದು ಅದು. ಚಿತ್ರದಲ್ಲಿರುವ ವ್ಯಕ್ತಿಯನ್ನು ಆ ಹೊತ್ತಿನಲ್ಲಿ ನಿನಗೇನು ಅನ್ನಿಸುತ್ತಿತ್ತು ಎಂದು ಯಾರೂ ಕೇಳಿರಲಿಲ್ಲ. ಹೀಗಾಗಿ ಯಂತ್ರ ಕಲಿತದ್ದು ಕೋಪವನ್ನಲ್ಲ. ಯಾವ ಬಗೆಯ ಚಿತ್ರಕ್ಕೆ ಜನ ಕೋಪ ಎಂಬ ಚೀಟಿ ಅಂಟಿಸುತ್ತಾರೆ ಎಂಬುದನ್ನು ಅದು ಕಲಿಯಿತು. ನಮ್ಮ ಊಹೆಯನ್ನೇ ನಮಗೆ ಅಂಕಿಯ ರೂಪದಲ್ಲಿ ಹಿಂದಿರುಗಿಸಿತು. ಅಂಕಿಯಾದೊಡನೆ ಊಹೆಗೆ ಒಂದು ಗಾಂಭೀರ್ಯ ಬಂದುಬಿಡುತ್ತದೆ. ನಾವು ಅದನ್ನು ಪ್ರಶ್ನಿಸಲು ಹಿಂಜರಿಯುತ್ತೇವೆ.

ಒಂದು ಉತ್ತರವನ್ನು ಹತ್ತಿರದಿಂದ ನೋಡೋಣ. ಹಾಸನದಂಥ ಊರಿನಲ್ಲಿ ಈಗಷ್ಟೇ ಇಂಜಿನಿಯರಿಂಗ್ ಮುಗಿಸಿದ ಒಬ್ಬ ಹುಡುಗಿ ಎಂದಿಟ್ಟುಕೊಳ್ಳೋಣ. ಮನೆಯ ಹಜಾರದಲ್ಲಿ ಕುಳಿತಿದ್ದಾಳೆ. ಮೊಬೈಲನ್ನು ಷೋಕೇಸಿನ ಮೇಲೆ ಪುಸ್ತಕಗಳಿಗೆ ಒರಗಿಸಿಟ್ಟಿದ್ದಾಳೆ. ಅದು ಅವಳ ಕಣ್ಣಿಗಿಂತ ತುಸು ಎತ್ತರದಲ್ಲಿದೆ. ತಲೆಯ ಮೇಲೆ ಟ್ಯೂಬ್‌ಲೈಟು. ಪ್ರಶ್ನೆ ಬಂದಿದೆ: ತಂಡದಲ್ಲಿ ಭಿನ್ನಾಭಿಪ್ರಾಯ ಬಂದಾಗ ನೀವೇನು ಮಾಡಿದಿರಿ? ಉತ್ತರಕ್ಕೆ ತೊಂಬತ್ತು ಸೆಕೆಂಡು. ಎಂದರೆ 2,700 ಚಿತ್ರಗಳು.

ಮೊದಲ ಹನ್ನೆರಡು ಸೆಕೆಂಡು ಅವಳು ಮಾತನಾಡುವುದಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಪಂಪಿನ ಮೋಟಾರು ಯಾವುದಿರಬೇಕೆಂದು ಜಗಳವಾಗಿತ್ತು. ಕಾಲೇಜಿನ ಹಬ್ಬದ ಖರ್ಚಿನ ವಿಷಯದಲ್ಲೂ ಒಂದು ಜಗಳವಿತ್ತು. ಎರಡರಲ್ಲಿ ಯಾವುದನ್ನು ಹೇಳಲಿ, ಅದನ್ನು ಇಂಗ್ಲಿಷಿನಲ್ಲಿ ಹೇಗೆ ಆರಂಭಿಸಲಿ ಎಂದು ಯೋಚಿಸುತ್ತಿದ್ದಾಳೆ. ಹುಬ್ಬು ಕೂಡಿದೆ. ನೋಟ ಕ್ಯಾಮೆರಾದಿಂದ ಸರಿದಿದೆ. ಈ ಹನ್ನೆರಡು ಸೆಕೆಂಡಿನಲ್ಲಿ 360 ಚಿತ್ರಗಳು ಹೋದವು. ನಾಲ್ಕನೆಯ ಚಲನೆ ಇದೆ, ಕಣ್ಣು ತಪ್ಪಿಸಿದೆ ಎಂದು ದಾಖಲಾಯಿತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅವಳು ಬೆಚ್ಚಿ ಆ ಕಡೆ ನೋಡಿದಳು. ಅದೂ ದಾಖಲಾಯಿತು. ಕುಕ್ಕರು ಮಾತ್ರ ಚಿತ್ರದಲ್ಲಿ ಇಲ್ಲ.

ಆಮೇಲೆ ಅವಳು ಕ್ಯಾಮೆರಾ ನೋಡುತ್ತಾಳೆ. ತಲೆ ಎತ್ತುವುದಿಲ್ಲ, ಕಣ್ಣಷ್ಟೇ ಎತ್ತುತ್ತಾಳೆ. ಇದು ತೀರಾ ಸಣ್ಣ ಸಂಗತಿಯೆಂದು ನಮಗೆ ತೋರಬಹುದು. 2019ರಲ್ಲಿ ಕೆನಡಾದ ಸಂಶೋಧಕರಾದ ವಿಟ್ಕೋವರ್ ಮತ್ತು ಟ್ರೇಸಿ ಇದನ್ನೇ ಪರೀಕ್ಷಿಸಿದ್ದರು. ಯಾವ ಭಾವವೂ ಇಲ್ಲದ ಮುಖವನ್ನು ಸ್ವಲ್ಪ ಬಾಗಿಸಿ, ದೃಷ್ಟಿಯನ್ನು ಎದುರಿಗೇ ಇರಿಸಿದರೆ, ನೋಡುವವರಿಗೆ ಹುಬ್ಬುಗಳು ಕೆಳಗಿಳಿದು ಕೂಡಿದಂತೆ ಕಾಣುತ್ತವೆ. ಒಂದು ಸ್ನಾಯುವೂ ಅಲುಗಿರುವುದಿಲ್ಲ. ಆದರೂ ಆ ಮುಖ ಗಡುಸಾಗಿ, ಅಧಿಕಾರ ತೋರುವಂತೆ ಕಾಣುತ್ತದೆ. ಅವರು ಅದನ್ನು ಮುಖಚಲನೆಯ ವೇಷಧಾರಿ ಎಂದು ಕರೆದರು. ನಮ್ಮ ಹುಡುಗಿಯ ಮುಖದ ಮೇಲೆ ಆ ವೇಷ ಹಾಕಿದ್ದು ಷೋಕೇಸಿನ ಎತ್ತರ. ಮೇಲಿನ ಟ್ಯೂಬ್‌ಲೈಟು ಕಣ್ಣಿನ ಗುಳಿಗೆ ನೆರಳು ಬೀಳಿಸಿ ಆ ವೇಷಕ್ಕೆ ಇನ್ನಷ್ಟು ಬಣ್ಣ ಕೊಟ್ಟಿತು.

ಈಗ ಅವಳು ಮಾತಿಗೆ ತೊಡಗಿದ್ದಾಳೆ. ಇಲ್ಲಿ ಇನ್ನೊಂದು ಕಷ್ಟ ಎದುರಾಗುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಮೂಲಭೂತವಾದದ್ದು. ಭಾವವನ್ನು ತೋರಿಸುವ ಬಾಯಿಯೇ ಮಾತನ್ನೂ ಆಡಬೇಕು. ಕನ್ನಡಿಯ ಮುಂದೆ ನಿಂತು ಈ ಎಂದು ಎಳೆದು ಹೇಳಿ ನೋಡೋಣ. ತುಟಿಯ ಅಂಚುಗಳು ಎರಡೂ ಕಡೆ ಹಿಗ್ಗುತ್ತವೆ. ಆ ಒಂದು ಕ್ಷಣವನ್ನು ನಿಲ್ಲಿಸಿ ನೋಡಿದರೆ ಅದು ನಗೆಯನ್ನು ಹೋಲುತ್ತದೆ. ಊ ಎಂದಾಗ ತುಟಿ ಮುಂದಕ್ಕೆ ಬಂದು ಗುಂಡಾಗುತ್ತದೆ. ಪ, ಬ, ಮ ಉಚ್ಚರಿಸುವಾಗ ತುಟಿಗಳು ಒತ್ತಿಕೊಳ್ಳುತ್ತವೆ, ಏನನ್ನೋ ಅದುಮಿ ಹಿಡಿದವರಂತೆ ಕಾಣುತ್ತೇವೆ. ಅವಳ ಉತ್ತರದಲ್ಲಿ ಟೀಮ್ ಇದೆ, ಮೀಟಿಂಗ್ ಇದೆ, ವೀಕ್ ಇದೆ, ಅಗ್ರೀ ಇದೆ. ಎಲ್ಲದರಲ್ಲೂ ಈಕಾರವೇ. ಮೋಟಾರಿನ ಜಗಳವನ್ನು ವಿವರಿಸುವ ಆ ಸಾಲುಗಳಲ್ಲಿ, ಸ್ಥಿರಚಿತ್ರಗಳ ಲೆಕ್ಕಕ್ಕೆ ಅವಳು ಮತ್ತೆ ಮತ್ತೆ ನಕ್ಕಳು. ನಿಜವಾಗಿ ನಗು ಬಂದದ್ದು ಒಮ್ಮೆ, ಮೋಟಾರು ಕೊನೆಗೂ ತಿರುಗಿದ್ದನ್ನು ಹೇಳುವಾಗ. ಆಗ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಆ ಚಿತ್ರಗಳಲ್ಲಿ ಮುಖ ಸರಿಯಾಗಿ ಸಿಗಲಿಲ್ಲ.

ತೊಂಬತ್ತು ಸೆಕೆಂಡು ಮುಗಿದವು. ಸರಾಸರಿ ಬಂತು. ತುಸು ಕೋಪ, ತುಸು ಸಂತೋಷ, ತುಸು ಭಯ. ಅವಳು ಆ ಹೊತ್ತಿನಲ್ಲಿ ಅನುಭವಿಸಿದ್ದು ಇವು ಯಾವುದೂ ಅಲ್ಲ. ಒಂದು ನೆನಪನ್ನು ಎರಡನೆಯ ಭಾಷೆಯಲ್ಲಿ ಜೋಡಿಸುವ ಶ್ರಮ ಅದು. ಏಳು ಗುಂಪುಗಳ ಪಟ್ಟಿಯಲ್ಲಿ ಶ್ರಮಕ್ಕೆ ಸ್ಥಾನವೇ ಇಲ್ಲ.

ಹುಬ್ಬಿನ ಗೆರೆಗೂ ಕೋಪಕ್ಕೂ ನಂಟೇ ಇಲ್ಲವೆಂದು ಇದರ ಅರ್ಥವಲ್ಲ. ನಂಟು ಇದೆ, ಆದರೆ ದುರ್ಬಲ. 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ನಾಲ್ವರು ಸಹ ವಿಜ್ಞಾನಿಗಳು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ ದೀರ್ಘವಾದ ಸಮೀಕ್ಷೆಯೊಂದನ್ನು ಪ್ರಕಟಿಸಿದರು. ಈ ಐವರು ಮೊದಲಿನಿಂದ ಒಂದೇ ಪಕ್ಷದವರಾಗಿರಲಿಲ್ಲ ಎಂಬುದು ಅದರ ತೂಕವನ್ನು ಹೆಚ್ಚಿಸುತ್ತದೆ. ಕೋಪ ಬಂದಾಗ ಜನ ಹುಬ್ಬು ಗಂಟಿಕ್ಕುವುದು ಸರಾಸರಿ ನೂರಕ್ಕೆ ಮೂವತ್ತು ಸಲಕ್ಕಿಂತ ಕಡಿಮೆ ಎಂದು ಅವರು ಕಂಡರು. ಉಳಿದ ಸಲ ಕೋಪ ಮೌನವಾಗಿರುತ್ತದೆ, ಇಲ್ಲವೆ ನಗುತ್ತದೆ, ಇಲ್ಲವೆ ಅಳುತ್ತದೆ. ಹುಬ್ಬು ಗಂಟಿಕ್ಕಿದವರಲ್ಲಿ ಬಹಳ ಮಂದಿಗೆ ಕೋಪ ಬಂದಿರುವುದೂ ಇಲ್ಲ.

ಈ ಎರಡನೆಯ ಮಾತನ್ನು ಸಂದರ್ಶನಕ್ಕೆ ಅನ್ವಯಿಸಿದರೆ ಒಂದು ಸರಳ ಲೆಕ್ಕ ದೊರೆಯುತ್ತದೆ. ಲೆಕ್ಕಕ್ಕಾಗಿ ಸಾವಿರ ಅಭ್ಯರ್ಥಿಗಳನ್ನು ಕಲ್ಪಿಸಿಕೊಳ್ಳೋಣ. ಕೆಲಸ ಕೇಳಲು ಬಂದವರಿಗೆ ಕೋಪ ಬರುವುದು ಅಪರೂಪ. ಇಪ್ಪತ್ತು ಮಂದಿಗೆ ಬಂದಿತ್ತೆನ್ನೋಣ. ಅವರಲ್ಲಿ ನೂರಕ್ಕೆ ಮೂವತ್ತರಂತೆ ಆರು ಮಂದಿ ಹುಬ್ಬು ಗಂಟಿಕ್ಕಿದರು. ಉಳಿದ 980 ಮಂದಿಗೆ ಕೋಪವಿಲ್ಲ. ಆದರೆ ಯೋಚಿಸುತ್ತಾ ಐವರಲ್ಲಿ ಒಬ್ಬರು ಹುಬ್ಬು ಗಂಟಿಕ್ಕಿದರೂ 196 ಮಂದಿ ಆಗುತ್ತಾರೆ. ಒಟ್ಟು 202 ಗಂಟಿಕ್ಕಿದ ಹುಬ್ಬುಗಳು, ಅವುಗಳಲ್ಲಿ ಕೋಪ ಆರು. ಹುಬ್ಬಿನ ಚಲನೆಯನ್ನು ಯಂತ್ರ ಒಂದೂ ತಪ್ಪದೆ ಗುರುತಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ. ಕ್ಯಾಮೆರಾ ಎಷ್ಟು ಸ್ಪಷ್ಟವಾದರೂ ಬದಲಾಗುವುದಿಲ್ಲ. ದೋಷ ಕಾಣುವುದರಲ್ಲಿ ಇಲ್ಲ, ಕಂಡದ್ದರಿಂದ ಮನಸ್ಸಿಗೆ ಹಾರುವುದರಲ್ಲಿ ಇದೆ.

ಧ್ವನಿಯ ವಿಷಯದಲ್ಲಿ ನಮಗೆ ಇನ್ನೂ ಹೆಚ್ಚಿನ ಭರವಸೆ. ಮುಖ ಮರೆಮಾಚಬಹುದು, ದನಿ ಮರೆಮಾಚದು ಎಂದು ನಂಬುತ್ತೇವೆ. ತಂತ್ರಾಂಶವೂ ದನಿಯ ಎತ್ತರ, ಗಟ್ಟಿತನ, ವೇಗ, ನಡುಕ, ಮಾತಿನ ನಡುವಿನ ಬಿಡುವುಗಳನ್ನು ಅಳೆಯುತ್ತದೆ. ಈ ಅಳತೆಗಳು ಒಂದನ್ನು ತಕ್ಕಮಟ್ಟಿಗೆ ಹೇಳುತ್ತವೆ: ಮೈ ಎಷ್ಟು ಉದ್ರಿಕ್ತವಾಗಿದೆ ಎಂಬುದನ್ನು. ಉದ್ರೇಕ ಸುಖದ್ದೋ ದುಃಖದ್ದೋ ಎಂಬುದನ್ನು ಅವು ಸುಲಭವಾಗಿ ಹೇಳಲಾರವು. ಹರ್ಷದಲ್ಲಿ ದನಿ ಏರುತ್ತದೆ, ವೇಗ ಹೆಚ್ಚುತ್ತದೆ. ಭಯದಲ್ಲೂ ಏರುತ್ತದೆ, ಕೋಪದಲ್ಲೂ ಏರುತ್ತದೆ. ವಿಷಾದದಲ್ಲಿ ದನಿ ತಗ್ಗುತ್ತದೆ, ಆಯಾಸದಲ್ಲೂ ತಗ್ಗುತ್ತದೆ, ಪಕ್ಕದ ಕೋಣೆಯಲ್ಲಿ ಮಗು ಮಲಗಿದ್ದರೂ ತಗ್ಗುತ್ತದೆ. ಜೊತೆಗೆ ಮೊಬೈಲಿನ ಮೈಕು ದನಿಯನ್ನು ಇದ್ದಂತೆ ಕೊಡುವುದಿಲ್ಲ. ಮೆಲ್ಲಗೆ ಆಡಿದ್ದನ್ನು ಹಿಗ್ಗಿಸಿ, ಜೋರಾಗಿ ಆಡಿದ್ದನ್ನು ಕುಗ್ಗಿಸಿ ಸಮಮಾಡುತ್ತದೆ. ಗದ್ದಲವೆಂದು ಬಗೆದು ಪದಗಳ ಮೆಲುವಾದ ಕೊನೆಗಳನ್ನೂ ಕತ್ತರಿಸುತ್ತದೆ. ನಮ್ಮ ಉಸಿರು ಅಲ್ಲಿಗೆ ತಲುಪುವ ಮೊದಲೇ ಅರ್ಧ ಬದಲಾಗಿರುತ್ತದೆ.

ಇಲ್ಲಿಯೂ ಯಂತ್ರ ಯಾರಿಂದ ಕಲಿಯಿತು ಎಂದು ಕೇಳಬೇಕು. ಬರ್ಲಿನ್ನಿನಲ್ಲಿ ತಯಾರಾದ ಪ್ರಸಿದ್ಧ ಧ್ವನಿಸಂಗ್ರಹವೊಂದಿದೆ. ಹತ್ತು ಮಂದಿ ನಟನಟಿಯರು ಹತ್ತು ಜರ್ಮನ್ ವಾಕ್ಯಗಳನ್ನು ಏಳು ಭಾವಗಳಲ್ಲಿ ನಟಿಸಿ ಹೇಳಿದ್ದು ಅದು. ನಟನೆ ಭಾವವನ್ನು ಸ್ಫುಟವಾಗಿಸುತ್ತದೆ, ಅದು ಅದರ ಧರ್ಮ. ಬದುಕಿನ ಭಾವ ಅಷ್ಟು ಸ್ಫುಟವಲ್ಲ. ಕನ್ನಡದಲ್ಲಿ ಉಸಿರಾಡಿ ಬೆಳೆದವರು ಇಂಗ್ಲಿಷ್ ಆಡುವಾಗ ವಾಕ್ಯದ ಏರಿಳಿತ ಕನ್ನಡದ್ದೇ ಆಗಿರುತ್ತದೆ. ಪದ ಹುಡುಕುತ್ತಾ ನಡುವೆ ತಡೆಯುತ್ತಾರೆ. ಆ ತಡೆ ಆತಂಕವೆಂದು ಎಣಿಕೆಯಾಗಬಹುದು. ಹಿರಿಯರ ಮುಂದೆ ದನಿ ತಗ್ಗಿಸಿ, ಕಣ್ಣು ತಗ್ಗಿಸಿ ಮಾತನಾಡುವುದು ನಮ್ಮಲ್ಲಿ ಅನೇಕರಿಗೆ ಮನೆಯಲ್ಲಿ ಕಲಿಸಿದ ವಿನಯ. ಅದು ಅಳುಕೆಂದು ಎಣಿಕೆಯಾಗಬಹುದು.

ನಮ್ಮ ಪ್ರಾಚೀನರು ಈ ಪ್ರಶ್ನೆಯನ್ನು ರಂಗಭೂಮಿಯ ಕಡೆಯಿಂದ ಬಹಳ ಸೂಕ್ಷ್ಮವಾಗಿ ನೋಡಿದ್ದರು ಎಂಬುದು ನನಗೆ ಮತ್ತೆ ಮತ್ತೆ ವಿಸ್ಮಯ ತರುತ್ತದೆ. ಭರತನ ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯ ಭಾವಗಳನ್ನು ಕುರಿತದ್ದು. ಅಲ್ಲಿ ಎಂಟು ಸಾತ್ತ್ವಿಕ ಭಾವಗಳ ವಿವರಣೆಯಿದೆ. ಬೆವರು ಅವುಗಳಲ್ಲಿ ಒಂದು, ದನಿ ಒಡೆಯುವುದು ಇನ್ನೊಂದು. ಬೆವರು ಏತರಿಂದ ಬರುತ್ತದೆ ಎಂದು ಭರತ ಹೇಳುವಾಗ ಕೋಪ, ಭಯ, ಹರ್ಷ, ಲಜ್ಜೆ, ದುಃಖಗಳನ್ನು ಹೇಳುತ್ತಾನೆ. ಅಷ್ಟಕ್ಕೆ ನಿಲ್ಲಿಸದೆ ಶ್ರಮವನ್ನೂ ರೋಗವನ್ನೂ ಬಿಸಿಲಿನ ತಾಪವನ್ನೂ ಸೇರಿಸುತ್ತಾನೆ. ದನಿ ಒಡೆಯಲು ಭಯ, ಹರ್ಷ, ಕೋಪಗಳ ಜೊತೆಗೆ ಮುಪ್ಪು, ರೋಗ, ಮದಗಳನ್ನೂ ಕಾರಣವಾಗಿ ಕೊಡುತ್ತಾನೆ. ಚಿಹ್ನೆ ಒಂದೇ, ಕಾರಣ ಹಲವು. ಭಾವ ಮೂಡಿಸುವುದನ್ನೇ ವೃತ್ತಿಯಾಗಿಸಿಕೊಂಡವರಿಗೆ ಬರೆದ ಗ್ರಂಥದಲ್ಲಿಯೇ ಈ ಎಚ್ಚರವಿದೆ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟ ತನ್ನ ಕಾವ್ಯಪ್ರಕಾಶದಲ್ಲಿ ಇದನ್ನು ಇನ್ನೂ ಮುಂದಕ್ಕೆ ಕೊಂಡೊಯ್ದ. ಹುಲಿಯನ್ನು ಕಂಡರೆ ಒಬ್ಬನಿಗೆ ಭಯ, ಇನ್ನೊಬ್ಬನಿಗೆ ಉತ್ಸಾಹ, ಮತ್ತೊಬ್ಬನಿಗೆ ವಿಸ್ಮಯ. ಕಣ್ಣೀರು ಪ್ರೇಮದಲ್ಲೂ ಬರುತ್ತದೆ, ಶೋಕದಲ್ಲೂ ಬರುತ್ತದೆ, ಭಯದಲ್ಲೂ ಬರುತ್ತದೆ. ಆದ್ದರಿಂದ ಬಿಡಿಬಿಡಿಯಾಗಿ ಯಾವುದೂ ನಿಶ್ಚಯ ಕೊಡದು. ಸನ್ನಿವೇಶ, ಹೊರಚಿಹ್ನೆ, ಬಂದುಹೋಗುವ ಮನೋಗತಿಗಳು ಮೂರೂ ಕೂಡಿದಾಗಲೇ ಅರ್ಥ. ಭರತನ ಸೂತ್ರ ಅವನ್ನು ಒಟ್ಟಾಗಿ ಹೇಳಿರುವುದು ಅದಕ್ಕಾಗಿಯೇ ಎಂದು ಅವನ ವಿವರಣೆ. ರಂಗದ ಮೇಲೆ ನಮಗೆ ಹುಲಿಯೂ ಗೊತ್ತು, ಕಥೆಯೂ ಗೊತ್ತು. ತೊಂಬತ್ತು ಸೆಕೆಂಡಿನ ವಿಡಿಯೊದಲ್ಲಿ ಹೊರಚಿಹ್ನೆಯೊಂದೇ ಇದೆ. ಕುಕ್ಕರು ಚಿತ್ರದ ಹೊರಗಿದೆ, ಮೋಟಾರಿನ ಜಗಳ ಅವಳ ನೆನಪಿನೊಳಗಿದೆ.

ಹಾಗಾದರೆ ಯಂತ್ರವನ್ನು ಬದಿಗಿಟ್ಟು ಮನುಷ್ಯರೇ ನೋಡಿದರೆ ಸರಿಹೋಗುತ್ತದೆಯೇ? ಹಾಗೆ ಹೇಳಿ ನಿಟ್ಟುಸಿರು ಬಿಡುವಂತಿಲ್ಲ. 2012ರಲ್ಲಿ ಹಿಲ್ಲೆಲ್ ಅವಿಯೇಜರ್ ಮತ್ತು ಸಂಗಡಿಗರು ವೃತ್ತಿಪರ ಟೆನಿಸ್ ಆಟಗಾರರ ಚಿತ್ರಗಳನ್ನು ಜನರಿಗೆ ತೋರಿಸಿದರು. ಮಹತ್ವದ ಅಂಕವೊಂದನ್ನು ಆಗತಾನೆ ಗೆದ್ದವರು ಕೆಲವರು, ಸೋತವರು ಕೆಲವರು. ಮುಖವನ್ನಷ್ಟೇ ಕತ್ತರಿಸಿ ತೋರಿಸಿದಾಗ ಗೆದ್ದವರಾರು ಸೋತವರಾರು ಎಂದು ಜನರಿಗೆ ತಿಳಿಯಲಿಲ್ಲ. ಮುಖವಿಲ್ಲದ ದೇಹವನ್ನು ತೋರಿಸಿದಾಗ ತಿಳಿಯಿತು. ಬಿಗಿದ ಮುಷ್ಟಿ, ಜೋತ ತೋಳು ಅದನ್ನು ಹೇಳಿದವು. ಇದಕ್ಕಿಂತ ಮುಖ್ಯವಾದದ್ದು ಮುಂದಿನ ಸಂಗತಿ. ಇಡೀ ಚಿತ್ರವನ್ನು ನೋಡಿ ಸರಿಯಾಗಿ ಹೇಳಿದವರು, ನಾವು ಮುಖ ನೋಡಿಯೇ ಹೇಳಿದೆವು ಎಂದು ನಂಬಿದ್ದರು. ದೇಹ ಹೇಳಿದ್ದನ್ನು ಮುಖದ ಲೆಕ್ಕಕ್ಕೆ ಬರೆದುಕೊಂಡಿದ್ದರು. ನಮ್ಮ ಆತ್ಮವಿಶ್ವಾಸದ ಬೇರು ಇಲ್ಲಿದೆ. ಮನೆಯವರ ಮುಖ ಓದಬಲ್ಲೆವು ಎಂದು ನಮಗೆ ಅನ್ನಿಸುತ್ತದೆ, ಬಹಳಷ್ಟು ಸಲ ಸರಿಯಾಗಿಯೇ ಓದುತ್ತೇವೆ. ಆದರೆ ಅವರ ಇಡೀ ದಿನ ನಮಗೆ ಗೊತ್ತಿರುತ್ತದೆ, ಅವರ ಎಂದಿನ ಮುಖವೂ ಗೊತ್ತಿರುತ್ತದೆ. ಓದಿದ್ದು ಅದನ್ನು. ಅಪರಿಚಿತರ ಮುಖದ ಮುಂದೆ ಕುಳಿತಾಗ ಆ ತಿಳಿವು ನಮ್ಮ ಬಳಿ ಇರುವುದಿಲ್ಲ, ಧೈರ್ಯ ಮಾತ್ರ ಉಳಿದಿರುತ್ತದೆ.

ಅಂತರ್ಜಾಲದ ಮೂಲಕ ನೇರವಾಗಿ ನಡೆಯುವ ಸಂದರ್ಶನದಲ್ಲಿ ತಂತಿಯ ವಿಳಂಬವೂ ಸೇರಿಕೊಳ್ಳುತ್ತದೆ. ಮಾತು ತಲುಪಲು ಒಂದು ಸೆಕೆಂಡಿಗಿಂತ ತುಸು ಹೆಚ್ಚು ತಡವಾದರೆ ಸಾಕು, ಕೇಳುವವರು ಆ ತಡವನ್ನು ಎದುರಿನವರ ಸ್ವಭಾವಕ್ಕೆ ಆರೋಪಿಸುತ್ತಾರೆಂದು 2014ರ ಜರ್ಮನ್ ಅಧ್ಯಯನವೊಂದು ತೋರಿಸಿತು. ಗಮನವಿಲ್ಲದವರು, ಸ್ನೇಹವಿಲ್ಲದವರು ಎಂದುಕೊಳ್ಳುತ್ತಾರೆ. ಹಿನ್ನೆಲೆಯೂ ಸುಮ್ಮನಿರುವುದಿಲ್ಲ. 2021ರಲ್ಲಿ ಬವೇರಿಯದ ಸಾರ್ವಜನಿಕ ಪ್ರಸಾರ ಸಂಸ್ಥೆಯ ಪತ್ರಕರ್ತರು ವಿಡಿಯೊ ನೋಡಿ ಅಂಕ ಕೊಡುವ ತಂತ್ರಾಂಶವೊಂದನ್ನು ಪರೀಕ್ಷಿಸಿದರು. ಅದು ಅಳೆಯುತ್ತಿದ್ದದ್ದು ಭಾವವನ್ನಲ್ಲ, ಸ್ವಭಾವವನ್ನು. ಆದರೂ ಪಾಠ ಒಂದೇ. ಕನ್ನಡಕ ಹಾಕಿದರೆ ಅಂಕ ಬದಲಾಯಿತು. ತಲೆಗೆ ಬಟ್ಟೆ ಕಟ್ಟಿದರೆ ಬದಲಾಯಿತು. ಬೆನ್ನ ಹಿಂದೆ ಪುಸ್ತಕದ ಕಪಾಟು ಕಂಡರೂ ಬದಲಾಯಿತು. ಇದು ಯಾರೂ ಮಾಡಿನೋಡಬಹುದಾದ ಪರೀಕ್ಷೆ. ಮಾತು ಹಾಗೆಯೇ ಇರಲಿ, ಬೆಳಕೋ ಕ್ಯಾಮೆರಾದ ಎತ್ತರವೋ ಬದಲಾಗಲಿ. ಅಂಕವೂ ಬದಲಾದರೆ, ಅದು ಅಳೆದದ್ದು ಅಭ್ಯರ್ಥಿಯನ್ನಲ್ಲ ಎಂದು ತಿಳಿಯಬಹುದು.

ಈ ದಾರಿಯಲ್ಲಿ ಮುಂದೆ ಹೋದವರೇ ಕೆಲವರು ಹಿಂದೆ ಬಂದಿದ್ದಾರೆ. ಅಮೆರಿಕದ ಹೈರ್‌ವ್ಯೂ ಎಂಬ ಸಂದರ್ಶನ ಸಂಸ್ಥೆ ಅಭ್ಯರ್ಥಿಗಳ ಮುಖಚಲನೆಯನ್ನೂ ಅಂಕಕ್ಕೆ ಸೇರಿಸುತ್ತಿತ್ತು. 2019ರಲ್ಲಿ ಅದರ ವಿರುದ್ಧ ಅಲ್ಲಿನ ವ್ಯಾಪಾರ ಆಯೋಗಕ್ಕೆ ದೂರು ಹೋಯಿತು. 2021ರ ಜನವರಿಯಲ್ಲಿ ಮುಖವಿಶ್ಲೇಷಣೆಯನ್ನು ಕೈಬಿಟ್ಟಿರುವುದಾಗಿ ಸಂಸ್ಥೆ ಪ್ರಕಟಿಸಿತು. ಆಡಿದ ಮಾತಿನ ವಿಶ್ಲೇಷಣೆಗಿಂತ ಮುಖ ಹೆಚ್ಚಿನದೇನನ್ನೂ ಕೊಡುತ್ತಿಲ್ಲ ಎಂಬುದು ಅದು ಕಂಡುಕೊಂಡ ಸಂಗತಿ. ಐರೋಪ್ಯ ಒಕ್ಕೂಟದ ಕಾನೂನು ಇನ್ನೂ ಮುಂದೆ ಹೋಗಿ, ಕೆಲಸದ ಸ್ಥಳದಲ್ಲಿ ಮತ್ತು ಶಿಕ್ಷಣ ಸಂಸ್ಥೆಗಳಲ್ಲಿ ಇಂಥ ಭಾವದ ಊಹೆಯನ್ನು 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ.

ಕಾನೂನು ಬರುವವರೆಗೆ ಕಾಯದೆಯೂ ಸಂದರ್ಶನ ಮಾಡುವವರು ಒಂದು ಸಣ್ಣ ಕ್ರಮವನ್ನು ಪಾಲಿಸಬಹುದು. ಮೊದಲು ಉತ್ತರವನ್ನು ಬರಹದಲ್ಲಿ ಓದುವುದು. ಆ ಬರಹವನ್ನು ಯಂತ್ರ ಮಾಡಿದ್ದರೆ ಒಮ್ಮೆ ಧ್ವನಿಯೊಡನೆ ತಾಳೆ ನೋಡುವುದು, ಏಕೆಂದರೆ ನಮ್ಮ ಉಚ್ಚಾರಣೆಯನ್ನು ಅದೂ ತಪ್ಪಾಗಿ ಕೇಳಿಸಿಕೊಳ್ಳುತ್ತದೆ. ಎಲ್ಲರಿಗೂ ಒಂದೇ ಪ್ರಶ್ನೆ, ಮೊದಲೇ ನಿಶ್ಚಯಿಸಿದ ಒಂದೇ ಅಳತೆ. ಸಮಸ್ಯೆ ಏನಿತ್ತು, ಇವರು ಏನು ಮಾಡಿದರು, ಫಲ ಏನಾಯಿತು ಎಂಬ ಮೂರಕ್ಕೆ ಅಂಕ ಬರೆದಿಡುವುದು. ವಿಡಿಯೊ ನೋಡುವುದು ಆಮೇಲೆ. ನೋಡಿದ ನಂತರ ಅಂಕ ಬದಲಿಸಬೇಕೆನಿಸಿದರೆ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯುವುದು. ಆ ವಾಕ್ಯದಲ್ಲಿ ಅಭ್ಯರ್ಥಿ ಹೇಳಿದ ಮಾತು ಇರಬೇಕು, ನಮಗೆ ಕಾಣಿಸಿದ ಮನಸ್ಸು ಇರಬಾರದು. ಸಂಶಯ ಉಳಿದರೆ ಮುಂದಿನ ಸುತ್ತಿನಲ್ಲಿ ನೇರವಾಗಿ ಕೇಳಬಹುದು: ಆ ಪ್ರಶ್ನೆಗೆ ಮೊದಲು ಸ್ವಲ್ಪ ತಡೆದಿರಲ್ಲ, ಏನು ಯೋಚಿಸುತ್ತಿದ್ದಿರಿ? ಹಾಸನದ ಹುಡುಗಿ ಹೇಳುತ್ತಾಳೆ: ಎರಡು ಜಗಳಗಳಿದ್ದವು ಸಾರ್, ಮೋಟಾರಿನದು ಹೇಳಲೋ ಹಬ್ಬದ್ದು ಹೇಳಲೋ ಎಂದು.